ಐಲ್ಯಾಂಡ್, ಬ್ರಾಡನಿಂಗ್, ಡೈಮಂಡ್: ಚಾರ್ಟ್‌ನಲ್ಲಿ ಅಪರೂಪಕ್ಕೆ ಕಾಣುವ ಈ ಮೂರು ಪ್ಯಾಟರ್ನ್‌ಗಳನ್ನು ಗುರುತಿಸುವುದು ಹೇಗೆ?

ಷೇರಿನ ಬೆಲೆ ಏರುತ್ತಾ ಬಂದು ಒಂದು ಹಂತದಲ್ಲಿ ದಿಕ್ಕು ಬದಲಿಸುವಾಗ ಚಾರ್ಟ್‌ನಲ್ಲಿ ಕೆಲವು ಆಕೃತಿಗಳು ಮೂಡುತ್ತವೆ. ಹೆಡ್ ಅಂಡ್ ಶೋಲ್ಡರ್ಸ್, ಡಬಲ್ ಟಾಪ್‌ನಂಥವು ಎಲ್ಲರಿಗೂ ಪರಿಚಿತ. ಆದರೆ ಐಲ್ಯಾಂಡ್ ರಿವರ್ಸಲ್, ಬ್ರಾಡನಿಂಗ್ ಟಾಪ್ ಮತ್ತು ಡೈಮಂಡ್ ಎಂಬ ಮೂರು ಆಕೃತಿಗಳು ಹೆಸರಿನಿಂದ ಪ್ರಸಿದ್ಧವಾದರೂ ನಿಜವಾಗಿ ಕಾಣಸಿಗುವುದು ಅಪರೂಪ. ಅಪರೂಪವಾದ್ದರಿಂದಲೇ ತೊಂದರೆ: ಇಲ್ಲದ ಕಡೆಯೂ ಅವನ್ನು ಕಂಡೆವೆಂದು ಹೇಳುವವರೇ ಹೆಚ್ಚು. ಇದಕ್ಕೆ 2024ರ ಜೂನ್ 3 ಮತ್ತು 4ರ ನಿಫ್ಟಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಜೂನ್ 4ರ 'ದ್ವೀಪ' ನಿಜವಾಗಿಯೂ ದ್ವೀಪವೇ?

ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಹೊರಬಿದ್ದ ನಂತರದ ಮೊದಲ ವಹಿವಾಟು ದಿನ ಜೂನ್ 3, ಸೋಮವಾರ. ಅದಕ್ಕೂ ಮುಂಚಿನ ಶುಕ್ರವಾರ ನಿಫ್ಟಿಯ ಗರಿಷ್ಠ ಮಟ್ಟ ಸುಮಾರು 22,654. ಸೋಮವಾರ ಸೂಚ್ಯಂಕ ಎಷ್ಟು ಮೇಲೆ ತೆರೆಯಿತೆಂದರೆ, ಇಡೀ ದಿನದ ಕನಿಷ್ಠ ಮಟ್ಟವೇ ಸುಮಾರು 23,062. ಎರಡರ ನಡುವೆ 400ಕ್ಕೂ ಹೆಚ್ಚು ಅಂಕಗಳ ಖಾಲಿ ಜಾಗ, ಅಂದರೆ ಗ್ಯಾಪ್. ಮಂಗಳವಾರ ಮತ ಎಣಿಕೆ ಶುರುವಾಗಿ ಲೆಕ್ಕಾಚಾರ ತಲೆಕೆಳಗಾದಾಗ ನಿಫ್ಟಿ ಒಂದು ಹಂತದಲ್ಲಿ 21,281ರವರೆಗೆ ಜಾರಿ, ಸುಮಾರು 1,380 ಅಂಕ ಕಳೆದುಕೊಂಡು 21,884ರಲ್ಲಿ ಮುಕ್ತಾಯವಾಯಿತು.

ಚಾರ್ಟ್ ಮೇಲೆ ಕಣ್ಣಾಡಿಸಿದರೆ ಸೋಮವಾರದ ಕ್ಯಾಂಡಲ್ ಒಂಟಿಯಾಗಿ ಮೇಲೆ ನಿಂತಂತೆ ಕಾಣುತ್ತದೆ. ಐಲ್ಯಾಂಡ್ ರಿವರ್ಸಲ್ ಎಂದು ಹಣೆಪಟ್ಟಿ ಹಚ್ಚಲು ಇಷ್ಟು ಸಾಕು ಎನಿಸಬಹುದು. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ.

ದ್ವೀಪ ಎಂದರೆ ಎರಡೂ ಕಡೆ ನೀರು ಇರಬೇಕು. ಬೆಲೆ ಗ್ಯಾಪ್ ಬಿಟ್ಟು ಮೇಲೇರಬೇಕು, ಒಂದು ದಿನವೋ ಕೆಲವು ದಿನಗಳೋ ಅಲ್ಲೇ ಸುಳಿದಾಡಬೇಕು, ಆಮೇಲೆ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಇನ್ನೊಂದು ಗ್ಯಾಪ್ ಬಿಟ್ಟು ಕೆಳಗಿಳಿಯಬೇಕು. ಎರಡನೇ ಗ್ಯಾಪ್ ಆಗಬೇಕಾದರೆ ಮಂಗಳವಾರದ ಗರಿಷ್ಠ ಮಟ್ಟ ಸೋಮವಾರದ ಕನಿಷ್ಠವಾದ 23,062ಕ್ಕಿಂತ ಕೆಳಗಿರಬೇಕಿತ್ತು. ಆದರೆ ಮಂಗಳವಾರ ನಿಫ್ಟಿ ತೆರೆದದ್ದು ಸುಮಾರು 23,180ರಲ್ಲಿ. ಸೋಮವಾರದ ಮುಕ್ತಾಯಕ್ಕಿಂತ ಕಡಿಮೆ ಎಂಬುದು ನಿಜ, ಆದರೆ ಆ ದಿನದ ಏರಿಳಿತದ ವ್ಯಾಪ್ತಿಯ ಒಳಗೇ ಇತ್ತು. ಅಲ್ಲಿಂದ ಕೆಳಗೆ ಪ್ರತಿ ಮಟ್ಟದಲ್ಲೂ ವಹಿವಾಟು ನಡೆಯುತ್ತಲೇ ಕುಸಿಯಿತು. ಎಡಕ್ಕೆ ನೀರಿತ್ತು, ಬಲಕ್ಕೆ ನೆಲವೇ ಇತ್ತು. ಅದು ದ್ವೀಪವಲ್ಲ, ಸಮುದ್ರಕ್ಕೆ ಚಾಚಿದ ಭೂಶಿರ ಅಷ್ಟೆ.

ಇದು ಪದಗಳ ಮೇಲಿನ ಜಗಳವಲ್ಲ. ಎರಡನೇ ಗ್ಯಾಪ್‌ಗೆ ಒಂದು ಅರ್ಥವಿದೆ. ದ್ವೀಪದ ಮಟ್ಟದಲ್ಲಿ ಖರೀದಿಸಿದ ಪ್ರತಿಯೊಬ್ಬರೂ ರಾತ್ರೋರಾತ್ರಿ ನಷ್ಟದಲ್ಲಿ ಸಿಲುಕುತ್ತಾರೆ. ಅಲ್ಲಿ ಯಾರಿಗೂ ಸಣ್ಣ ನಷ್ಟದಲ್ಲಿ ಹೊರಬರುವ ಅವಕಾಶ ಸಿಗುವುದಿಲ್ಲ. ಮುಂದೆ ಬೆಲೆ ಚೇತರಿಸಿಕೊಂಡಾಗಲೆಲ್ಲ ಇವರೇ ಮಾರಲು ಕಾಯುತ್ತಿರುತ್ತಾರೆ. ಜೂನ್ 4ರಂದು ಬೆಳಗ್ಗೆ ಹೊರಬರಲು ಬಾಗಿಲು ತೆರೆದೇ ಇತ್ತು.

ಮುಂದೇನಾಯಿತು? ಜೂನ್ 7ರ ಶುಕ್ರವಾರ ನಿಫ್ಟಿ 23,290ರಲ್ಲಿ ಮುಕ್ತಾಯವಾಗಿ ಸೋಮವಾರದ ಮಟ್ಟವನ್ನೇ ದಾಟಿತು. ಮಂಗಳವಾರದ ಮುಕ್ತಾಯದಲ್ಲಿ 'ಐಲ್ಯಾಂಡ್ ಆಯಿತು, ಟ್ರೆಂಡ್ ಮುಗಿಯಿತು' ಎಂದು ಶಾರ್ಟ್ ಮಾಡಿದವರಿಗೆ ಮೂರೇ ವಹಿವಾಟು ದಿನಗಳಲ್ಲಿ 1,400 ಅಂಕಗಳ ಪೆಟ್ಟು. ಆ ಏರಿಕೆಯ ನಿಜವಾದ ಶಿಖರ ಬಂದದ್ದು ಸೆಪ್ಟೆಂಬರ್ ಕೊನೆಗೆ, 26,277ರಲ್ಲಿ.

ಸುಳ್ಳು ಗ್ಯಾಪ್‌ಗಳು ಎಲ್ಲಿಂದ ಬರುತ್ತವೆ?

ಐಲ್ಯಾಂಡ್ ತೀರ್ಮಾನ ಪೂರ್ತಿ ಗ್ಯಾಪ್ ಮೇಲೆ ನಿಂತಿರುವುದರಿಂದ ಮೊದಲು ಗ್ಯಾಪ್ ಅಸಲಿಯೇ ಎಂದು ನೋಡಬೇಕು. ಬೋನಸ್ ಅಥವಾ ಷೇರು ವಿಭಜನೆಗೆ ಬೆಲೆ ಸರಿಹೊಂದಿಸದ ಚಾರ್ಟ್‌ನಲ್ಲಿ ಎಕ್ಸ್-ಡೇಟ್ ದಿನ ದೊಡ್ಡ ಗ್ಯಾಪ್ ಕಾಣುತ್ತದೆ. ಭಾರಿ ಡಿವಿಡೆಂಡ್‌ನ ಎಕ್ಸ್-ಡೇಟ್ ದಿನವೂ ಅಷ್ಟೇ. ಅಲ್ಲಿ ಕಂಪನಿಯಿಂದ ಹಣ ಹೂಡಿಕೆದಾರರ ಖಾತೆಗೆ ಹೋಗಲಿದೆಯೇ ಹೊರತು ಯಾರ ಮನಸ್ಸೂ ಬದಲಾಗಿಲ್ಲ. ಶೇ. 5ರ ಸರ್ಕ್ಯೂಟ್ ಮಿತಿಯಲ್ಲಿರುವ ಸಣ್ಣ ಷೇರುಗಳಂತೂ ದಿನಕ್ಕೊಂದು ಗ್ಯಾಪ್ ಬಿಡುತ್ತವೆ; ಬೆಳಗ್ಗೆಯೇ ಅಪ್ಪರ್ ಸರ್ಕ್ಯೂಟ್‌ಗೆ ಬೀಗ ಬಿದ್ದು ಕೆಲವೇ ಷೇರುಗಳು ಕೈಬದಲಾಗುವ ಕಡೆ ದ್ವೀಪ ಹುಡುಕುವುದು ವ್ಯರ್ಥ.

ಹಳೆಯ ನಿಫ್ಟಿ ಚಾರ್ಟ್‌ನಲ್ಲಿ ಇದರ ತಿರುಗುಮುರುಗಾದ ಸಮಸ್ಯೆಯಿದೆ. ಬೆಳಗ್ಗೆ 9ರಿಂದ 9.15ರವರೆಗಿನ ಪ್ರೀ-ಓಪನ್ ವ್ಯವಸ್ಥೆ ಬಂದದ್ದು 2010ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಸೂಚ್ಯಂಕದ ಆರಂಭಿಕ ಮಟ್ಟ ಹಿಂದಿನ ಮುಕ್ತಾಯದ ಪಕ್ಕದಲ್ಲೇ ದಾಖಲಾಗುತ್ತಿತ್ತು. 2009ರ ಮೇ 18ರಂದು ಚುನಾವಣಾ ಫಲಿತಾಂಶದ ಸಂಭ್ರಮಕ್ಕೆ ಮಾರುಕಟ್ಟೆ ತೆರೆಯುತ್ತಲೇ ಅಪ್ಪರ್ ಸರ್ಕ್ಯೂಟ್ ಮುಟ್ಟಿ, ನಿಫ್ಟಿ 3,671ರಿಂದ 4,323ಕ್ಕೆ ಜಿಗಿಯಿತು. ಆದರೂ ಚಾರ್ಟ್‌ನಲ್ಲಿ ಕಾಣುವುದು ಗ್ಯಾಪ್ ಅಲ್ಲ, 3,673ರ ಆಸುಪಾಸಿನಿಂದ ಮೇಲೆದ್ದ ಒಂದು ಉದ್ದನೆಯ ಹಸಿರು ಕ್ಯಾಂಡಲ್. ಹಾಗಾಗಿ 2010ಕ್ಕೂ ಹಿಂದಿನ ಸೂಚ್ಯಂಕದಲ್ಲಿ ಎಷ್ಟು ಐಲ್ಯಾಂಡ್‌ಗಳಿದ್ದವು ಎಂದು ಎಣಿಸುವುದಕ್ಕೆ ಅರ್ಥವಿಲ್ಲ. ಬಿಡಿ ಷೇರುಗಳ ಚಾರ್ಟ್‌ಗೆ ಈ ದೋಷವಿಲ್ಲ.

ಅಸಲಿ ಐಲ್ಯಾಂಡ್ ಸಿಕ್ಕರೂ ಅದರಿಂದ ಬಹಳ ನಿರೀಕ್ಷಿಸಬಾರದು. ಟೆಕ್ನಿಕಲ್ ಅನಾಲಿಸಿಸ್‌ನ ಮೂಲಗ್ರಂಥವೆಂದೇ ಹೆಸರಾದ 1948ರ ಪುಸ್ತಕದಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಜಾನ್ ಮ್ಯಾಗಿ, ಐಲ್ಯಾಂಡ್ ತಾನಾಗಿ ದೀರ್ಘಾವಧಿಯ ಶಿಖರವನ್ನು ಸೂಚಿಸುವುದಿಲ್ಲ ಎಂದೇ ಹೇಳಿದ್ದರು. ಅದಕ್ಕೆ ಹಿಂದಿನ ಸಣ್ಣ ಏರಿಕೆಯಷ್ಟು ಬೆಲೆ ಹಿಂದಿರುಗಬಹುದು, ಅಷ್ಟೇ ಅದರ ಲೆಕ್ಕ.

ಬ್ರಾಡನಿಂಗ್: ಸಿಕ್ಕಾಗಲೂ ಲಾಭ ಕಷ್ಟ

ಸಾಮಾನ್ಯವಾಗಿ ಬೆಲೆಯ ಓಲಾಟ ಕ್ರಮೇಣ ಸಣ್ಣದಾಗುತ್ತದೆ. ಬ್ರಾಡನಿಂಗ್‌ನಲ್ಲಿ ಹಾಗಲ್ಲ, ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದು. ಒಂದು ಷೇರು 400 ರೂಪಾಯಿಯಿಂದ ಏರಿ 480 ಮುಟ್ಟಿತು ಎಂದಿಟ್ಟುಕೊಳ್ಳಿ. ಅಲ್ಲಿಂದ 450ಕ್ಕೆ ಇಳಿದು 500ಕ್ಕೆ ಏರಿತು, ಮತ್ತೆ 435ಕ್ಕೆ ಬಿದ್ದು 520ಕ್ಕೆ ಜಿಗಿಯಿತು. ಮೂರು ಶಿಖರ, ಒಂದಕ್ಕಿಂತ ಒಂದು ಎತ್ತರ. ನಡುವೆ ಎರಡು ಕಣಿವೆ, ಎರಡನೆಯದು ಇನ್ನೂ ಆಳ. ಇದು ಧ್ವನಿವರ್ಧಕದ ಬಾಯಿಯಂಥ ಆಕೃತಿ. ಕೊಳ್ಳುವವರಿಗೂ ಮಾರುವವರಿಗೂ ಷೇರಿನ ಬೆಲೆ ಎಷ್ಟಿರಬೇಕು ಎಂಬ ಅಂದಾಜೇ ಇಲ್ಲ, ಸುದ್ದಿ ಬಂದಂತೆಲ್ಲ ಹಿಂಡು ಹಿಂಡಾಗಿ ನುಗ್ಗುತ್ತಿದ್ದಾರೆ ಎಂದು ಇದರ ಅರ್ಥ. 1929ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆ ಕುಸಿಯುವ ಮೊದಲು ಅನೇಕ ಷೇರುಗಳಲ್ಲಿ ಈ ಆಕೃತಿ ಮೂಡಿತ್ತು.

ಬೆಲೆ ಎರಡನೇ ಕಣಿವೆಯಾದ 435ಕ್ಕಿಂತ ಕೆಳಗೆ ಮುಕ್ತಾಯವಾದಾಗಲೇ ಪ್ಯಾಟರ್ನ್ ಪಕ್ಕಾ. ಹಳಬರು ಇನ್ನೂ ಶೇ. 3ರಷ್ಟು ಬಿಟ್ಟು, ಅಂದರೆ 422ರ ಹತ್ತಿರ ಖಚಿತಪಡಿಸಿಕೊಳ್ಳುತ್ತಾರೆ. ತೊಡಕಿರುವುದು ಇಲ್ಲೇ. 422ರಲ್ಲಿ ಶಾರ್ಟ್ ಮಾಡಿದರೆ ಸ್ಟಾಪ್ ಲಾಸ್ ಇಡಬೇಕಾದ್ದು 520ರ ಮೇಲೆ, ಸುಮಾರು 98 ರೂಪಾಯಿ ದೂರ. ಪ್ಯಾಟರ್ನ್‌ನ ಎತ್ತರವಾದ 85 ರೂಪಾಯಿಯನ್ನು 435ರಿಂದ ಕಳೆದರೆ ಗುರಿ 350. ಸಿಗಬಹುದಾದ ಲಾಭ 72 ಮಾತ್ರ. ಪ್ಯಾಟರ್ನ್ ಸರಿಯಾಗಿದ್ದೂ ವ್ಯವಹಾರ ನಷ್ಟದ್ದು. ಷೇರನ್ನು ಈಗಾಗಲೇ ಕೈಯಲ್ಲಿಟ್ಟುಕೊಂಡವರಿಗೆ ಹೊರಬರುವ ಸೂಚನೆಯಾಗಿ ಇದು ಉಪಯುಕ್ತ. ಹೊಸದಾಗಿ ಶಾರ್ಟ್ ಮಾಡುವವರು 450ರ ಕಡೆಗೆ ಒಂದು ಮರುಏರಿಕೆ ಬಂದು ಅದು ಸೋಲುವವರೆಗೆ ಕಾಯಬೇಕು, ಆಗ ಆ ಏರಿಕೆಯ ತುದಿಯ ಮೇಲೆಯೇ ಸ್ಟಾಪ್ ಇಡಬಹುದು. ಬಾರದಿದ್ದರೆ ಬಿಟ್ಟುಬಿಡಬೇಕು.

ಡೈಮಂಡ್: ಅರ್ಧ ದಾರಿಯವರೆಗೆ ಇದೂ ಬ್ರಾಡನಿಂಗ್

ಅದೇ ಷೇರು 520ರಿಂದ ಇಳಿಯುತ್ತಾ 435ರವರೆಗೆ ಹೋಗದೆ 455ರಲ್ಲೇ ನಿಂತಿತು ಎನ್ನಿ. ಮೇಲೇರಿದ್ದು 505ರವರೆಗೆ, ಆಮೇಲೆ 468ಕ್ಕೆ ಇಳಿಕೆ, ಮತ್ತೆ 490. ಈಗ ಶಿಖರಗಳು ತಗ್ಗುತ್ತಿವೆ, ಕಣಿವೆಗಳು ಏರುತ್ತಿವೆ. ಎಡಕ್ಕೆ ಅಗಲವಾಗುತ್ತಾ ಬಂದ ಗೆರೆಗಳು ಬಲಕ್ಕೆ ಕೂಡುತ್ತಿವೆ, ವಜ್ರದ ಆಕಾರ ಮೂಡಿದೆ. 455 ಮತ್ತು 468ನ್ನು ಸೇರಿಸುವ ಕೆಳಗಿನ ಗೆರೆ ಇಷ್ಟು ಹೊತ್ತಿಗೆ 475ರ ಆಸುಪಾಸಿಗೆ ಬಂದಿರುತ್ತದೆ.

ಬೆಲೆ ಆ ಗೆರೆ ಮುರಿದು 470ರಲ್ಲಿ ಮುಕ್ತಾಯವಾದರೆ ಲೆಕ್ಕವೇ ಬೇರೆ. ಅತಿ ಅಗಲದ ಜಾಗದ ಎತ್ತರ ಆಗಲೂ 85, ಗುರಿ 390. ಆದರೆ ಸ್ಟಾಪ್ 520ರ ಮೇಲಲ್ಲ, ಕೊನೆಯ ಶಿಖರವಾದ 490ರ ಸ್ವಲ್ಪ ಮೇಲೆ. 22-23 ರೂಪಾಯಿ ಅಪಾಯಕ್ಕೆ 80 ರೂಪಾಯಿ ಸಾಧ್ಯತೆ. ಅನುಭವಿ ಟ್ರೇಡರ್‌ಗಳು ಡೈಮಂಡ್‌ಗೆ ಬೆಲೆ ಕೊಡುವುದು ಈ ಕಾರಣಕ್ಕೆ.

ಆದರೆ ಡೈಮಂಡ್‌ಗೆ ನಾಲ್ಕು ಗೆರೆ ಬೇಕು, ಪ್ರತಿ ಗೆರೆಗೂ ಕನಿಷ್ಠ ಎರಡು ತಿರುವು ಬೇಕು, ಒಂದಾದ ಮೇಲೊಂದು ಕ್ರಮವಾಗಿ ಬರಬೇಕು. ಬಹುತೇಕ ಬ್ರಾಡನಿಂಗ್‌ಗಳು ಅಷ್ಟು ಹೊತ್ತು ಕಾಯದೆ ಯಾವುದಾದರೊಂದು ಕಡೆಗೆ ಒಡೆದುಹೋಗುತ್ತವೆ. ಹಾಗಾಗಿಯೇ ಇದು ಅಪರೂಪ. ಅದರಲ್ಲೂ ಶಿಖರದಲ್ಲಿ ಕಾಣುವಷ್ಟು ತಳದಲ್ಲಿ ಕಾಣುವುದಿಲ್ಲ: ಮೇಲ್ಮಟ್ಟದಲ್ಲಿ ವಹಿವಾಟು ಬಿರುಸಾಗಿರುತ್ತದೆ, ಕುಸಿತದ ತಳದಲ್ಲಿ ಷೇರು ಮಂಕಾಗಿ ಬಿದ್ದಿರುತ್ತದೆ.

ಹಿಂತಿರುಗಿ ನೋಡುವಾಗ ನಾಲ್ಕು ಗೆರೆ ಎಳೆದು ಯಾವ ಗೊಂದಲವನ್ನು ಬೇಕಾದರೂ ವಜ್ರ ಮಾಡಬಹುದು. ಇದನ್ನು ತಪ್ಪಿಸಲು ಒಂದು ಸರಳ ಉಪಾಯವಿದೆ. ಗೆರೆ ಮುರಿದ ದಿನದಿಂದ ಬಲಕ್ಕಿರುವ ಚಾರ್ಟ್ ಭಾಗವನ್ನು ಕಾಗದದಿಂದ ಮುಚ್ಚಿ, ಆಗಲೂ ಆಕೃತಿ ಅಷ್ಟೇ ಸ್ಪಷ್ಟವೇ ಎಂದು ನೋಡಬೇಕು. ವಾಲ್ಯೂಮ್ ಎಡಭಾಗದಲ್ಲಿ ಏರುಪೇರಾಗಿ ಜೋರಾಗಿದ್ದು ಬಲಭಾಗದಲ್ಲಿ ಇಳಿಯುತ್ತಾ ಬಂದಿರಬೇಕು. ಇನ್ನೊಂದು ಪ್ರಶ್ನೆಯನ್ನು ಅನೇಕರು ಕೇಳುವುದೇ ಇಲ್ಲ: ತಿರುಗಿಸಲು ಅಲ್ಲಿ ಏರಿಕೆಯೇ ಇತ್ತೇ? ಮೇಲಿನ ಷೇರು 400ರಿಂದ ಏರಿದ್ದರಿಂದ 390ರ ಗುರಿಗೆ ಅರ್ಥವಿದೆ. ಅದು ಆರು ತಿಂಗಳಿಂದ 440 ಮತ್ತು 510ರ ನಡುವೆಯೇ ಸುತ್ತುತ್ತಿದ್ದರೆ ಆ ಆಕೃತಿ ವಜ್ರದಂತೆ ಕಂಡರೂ ಬರೀ ಗದ್ದಲ. ಗೆರೆ ಮುರಿದ ಮೇಲೆ ಬೆಲೆ ಮತ್ತೆ ವಜ್ರದ ಒಳಗೆ ಬಂದು 490ನ್ನು ದಾಟಿದರಂತೂ ಗೆರೆಗಳನ್ನು ಹೊಸದಾಗಿ ಎಳೆಯುತ್ತಾ ಕೂರದೆ ಸ್ಟಾಪ್ ಲಾಸ್‌ನಲ್ಲೇ ಹೊರಬರಬೇಕು; ಆ ಮಟ್ಟವನ್ನು ಮೊದಲೇ ಬರೆದಿಟ್ಟದ್ದು ಅದಕ್ಕಾಗಿಯೇ.