ಮೂಗಿನ ನೆರಳು, ಮೈಯ ನೆರಳು

1963ರ ನವೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. ಅದೇ ದಿನ ಲೀ ಹಾರ್ವೆ ಆಸ್ವಾಲ್ಡ್ ಎಂಬಾತನ ಬಂಧನವೂ ಆಯಿತು. ಮರುದಿನ ಡಲ್ಲಾಸ್‌ನ ಪೊಲೀಸರು ಅವನ ಮುಂದೆ ಒಂದು ಛಾಯಾಚಿತ್ರವನ್ನು ಇಟ್ಟರು. ಮನೆಯ ಹಿತ್ತಲಲ್ಲಿ, ಬಿಸಿಲಿನಲ್ಲಿ, ಕೈಯಲ್ಲಿ ಕೋವಿ ಹಿಡಿದು ನಿಂತ ಅವನದೇ ಚಿತ್ರವದು. ಮುಖ ತನ್ನದು, ಮೈ ಬೇರೆ ಯಾರದೋ, ಎರಡನ್ನೂ ಅಂಟಿಸಿದ್ದಾರೆ ಎಂದು ಆಸ್ವಾಲ್ಡ್ ಹೇಳಿದನು. ಮರುದಿನ ಅವನೂ ಗುಂಡಿಗೆ ಬಲಿಯಾದನು. ಅವನ ಮಾತು ಮಾತ್ರ ಉಳಿಯಿತು. ಒಂದು ಚಿತ್ರದಲ್ಲಿ ಕೈಚಳಕ ನಡೆದಿದೆಯೇ ಎಂದು ತಿಳಿಯುವ ಬಗೆಯನ್ನು ಅರಿಯಬಯಸುವ ನಮಗೆ ಇದಕ್ಕಿಂತ ಉತ್ತಮವಾದ ಪಾಠ ಸಿಗುವುದು ಕಷ್ಟ.

ಆಸ್ವಾಲ್ಡ್ ಹೇಳಿದ್ದು ಅಸಾಧ್ಯವಾದ ಸಂಗತಿಯೇನಲ್ಲ. ಅಮೆರಿಕದ ಅಂತರ್ಯುದ್ಧದ ಸೇನಾನಿ ಗ್ರಾಂಟ್ ಕುದುರೆಯ ಮೇಲೆ ಕುಳಿತಿರುವ ಪ್ರಸಿದ್ಧ ಚಿತ್ರವೊಂದಿದೆ. ಸುಮಾರು 1902ರಲ್ಲಿ ಲೆವಿನ್ ಹ್ಯಾಂಡಿ ಎಂಬ ಛಾಯಾಗ್ರಾಹಕ ಅದನ್ನು ಮೂರು ನೆಗೆಟಿವ್‌ಗಳಿಂದ ಜೋಡಿಸಿದ್ದನು. ತಲೆಯೊಂದೇ ಗ್ರಾಂಟ್‌ನದು. ಮೈ ಮತ್ತು ಕುದುರೆ ಮೆಕ್‌ಕುಕ್ ಎಂಬ ಇನ್ನೊಬ್ಬ ಸೇನಾಧಿಕಾರಿಯ ಚಿತ್ರದಿಂದ ಬಂದವು, ಹಿನ್ನೆಲೆಯ ಜನ ಸೆರೆ ಸಿಕ್ಕ ಶತ್ರುಸೈನಿಕರು. ಕತ್ತು ಮೈಗೆ ಹೊಂದದ ಕೋನದಲ್ಲಿ ತಿರುಗಿರುವುದೂ ಕುದುರೆ ಗ್ರಾಂಟ್‌ನ ಕುದುರೆಯಂತೆ ಕಾಣದಿರುವುದೂ ಸಂಶಯಕ್ಕೆ ದಾರಿ ಮಾಡಿದವು. ಆದರೆ ಸಂಶಯ ನಿರ್ಣಯವಾದದ್ದು ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿಯೇ ಮೂರೂ ಮೂಲಗಳು ದೊರೆತಾಗ.

ಆಸ್ವಾಲ್ಡ್‌ನ ಚಿತ್ರದ ವಿಷಯದಲ್ಲಿ ಸಂಶಯಕ್ಕೆ ಮುಖ್ಯ ಕಾರಣ ನೆರಳು. ಅವನ ಮೂಗಿನ ನೆರಳು ಮೇಲ್ದುಟಿಯ ಮೇಲೆ ನೇರವಾಗಿ ಕೆಳಕ್ಕೆ ಬಿದ್ದಿದೆ, ನಡುಮಧ್ಯಾಹ್ನದಲ್ಲಿ ಬಿದ್ದಂತೆ. ಮೈಯ ನೆರಳಾದರೋ ನೆಲದ ಮೇಲೆ ಓರೆಯಾಗಿ ಹಿಂದಕ್ಕೆ ಚಾಚಿದೆ. ಒಂದೇ ಸೂರ್ಯ ಎರಡು ದಿಕ್ಕಿನ ನೆರಳನ್ನು ಹೇಗೆ ಬೀಳಿಸಬಲ್ಲ? ಈ ಪ್ರಶ್ನೆಯೊಂದರ ಮೇಲೆ ದಶಕಗಳ ಕಾಲ ಪುಸ್ತಕಗಳು ಬಂದವು. ಸಂಶಯಕ್ಕೆ ಪತ್ರಿಕೆಗಳೂ ತುಪ್ಪ ಸುರಿದವು. ಮುದ್ರಣದಲ್ಲಿ ಸ್ಪಷ್ಟವಾಗಿ ಕಾಣಲೆಂದು 'ಲೈಫ್' ಮೊದಲಾದ ಪತ್ರಿಕೆಗಳು ಚಿತ್ರವನ್ನು ಕೈಯಿಂದ ತಿದ್ದಿದ್ದರಿಂದ ಕೋವಿಯ ವಿವರಗಳು ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಬಗೆಯಾಗಿ ಕಂಡವು. ಅಂದರೆ ತಿದ್ದುಪಡಿ ನಡೆದದ್ದು ನಿಜ. ಆದರೆ ಅದು ಮೂಲದಲ್ಲಿ ನಡೆದದ್ದಲ್ಲ, ಪ್ರತಿಯಲ್ಲಿ ನಡೆದದ್ದು.

ನೆರಳಿನ ಪ್ರಶ್ನೆಗೆ ಉತ್ತರವನ್ನು ನಾವು ನಮ್ಮ ಮನೆಯಂಗಳದಲ್ಲಿಯೇ ಕಾಣಬಹುದು. ಬಿಸಿಲು ಒಂದು ಪಕ್ಕದಿಂದ ಬೀಳುವ ಹೊತ್ತಿನಲ್ಲಿ ಒಬ್ಬರನ್ನು ನಿಲ್ಲಿಸಿ, ಅವರ ಮೈ ಅಲುಗದಂತೆ ತಲೆಯನ್ನಷ್ಟೇ ಸೂರ್ಯನ ಕಡೆಗೆ ತಿರುಗಿಸಲು ಹೇಳೋಣ. ಮುಖ ಸೂರ್ಯನಿಗೆ ಎದುರಾದ ಕ್ಷಣದಲ್ಲಿ ಮೂಗಿನ ನೆರಳು ತುಟಿಯ ಮೇಲೆ ನೇರವಾಗಿ ಇಳಿಯುತ್ತದೆ. ನೆಲದ ನೆರಳು ಇದ್ದಲ್ಲೇ ಇರುತ್ತದೆ. ನೆರಳಿನ ದಿಕ್ಕನ್ನು ಬೆಳಕೊಂದೇ ನಿರ್ಧರಿಸುವುದಿಲ್ಲ, ಅದು ಬೀಳುವ ಮೈಯ ವಾಲಿಕೆಯೂ ನಿರ್ಧರಿಸುತ್ತದೆ. 2009ರಲ್ಲಿ ಹ್ಯಾನಿ ಫರೀದ್ ಎಂಬ ವಿಜ್ಞಾನಿ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿ ನೋಡಿದರು. ಪೊಲೀಸರು ತೆಗೆದಿದ್ದ ಮುಂದಿನ ಹಾಗೂ ಪಕ್ಕದ ಮುಖಚಿತ್ರಗಳಿಂದ ಆಸ್ವಾಲ್ಡ್‌ನ ತಲೆಯ ಮೂರು ಆಯಾಮದ ಪ್ರತಿರೂಪವನ್ನು ಕಟ್ಟಿ, ಅದನ್ನು ಹಿತ್ತಲಿನ ಚಿತ್ರದ ಭಂಗಿಯಲ್ಲಿ ನಿಲ್ಲಿಸಿ, ಒಂದೇ ಒಂದು ಬೆಳಕನ್ನು ಹಾಯಿಸಿದರು. ಆ ಒಂದೇ ಬೆಳಕಿನಿಂದ ಮೂಗಿನ ನೆರಳೂ ನೆಲದ ನೆರಳೂ ಚಿತ್ರದಲ್ಲಿರುವಂತೆಯೇ ಬಿದ್ದವು.

ಹಾಗಾದರೆ ನೆರಳನ್ನು ನಂಬಲೇಬಾರದೇ? ನಂಬಬಹುದು, ದಿಕ್ಕನ್ನು ಕಣ್ಣಳತೆಯಿಂದ ತೂಗದೆ ಗೆರೆ ಎಳೆದು ನೋಡಬೇಕು. ಒಂದು ವಸ್ತುವಿನ ತುದಿಯಿಂದ ಅದರ ನೆರಳಿನ ತುದಿಗೆ ಎಳೆದ ಗೆರೆ ಬೆಳಕಿನ ಮೂಲದ ಮೂಲಕವೇ ಹಾಯಬೇಕು. ನೆಲ ಏರುತಗ್ಗಾಗಿದ್ದರೂ ಈ ನಿಯಮಕ್ಕೆ ಭಂಗವಿಲ್ಲ. ಆದ್ದರಿಂದ ಚಿತ್ರದಲ್ಲಿ ಕಂಬ, ಟೋಪಿಯ ಅಂಚು, ಮೊಣಕೈ ಹೀಗೆ ಮೂರು ನಾಲ್ಕು ತುದಿಗಳನ್ನು ಆಯ್ದು ಗೆರೆಗಳನ್ನು ಎರಡೂ ಕಡೆಗೆ ಬೆಳೆಸಿದರೆ ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಸೂರ್ಯ ಛಾಯಾಗ್ರಾಹಕನ ಬೆನ್ನ ಹಿಂದಿದ್ದರೆ ಆ ಬಿಂದು ದಿಗಂತದ ಕೆಳಗೆ ಬೀಳುತ್ತದೆ. ಒಬ್ಬ ವ್ಯಕ್ತಿಯ ಗೆರೆಗಳು ಮಾತ್ರ ಬೇರೆಡೆ ಕೂಡಿದರೆ ಆ ವ್ಯಕ್ತಿ ಬೇರೆ ಚಿತ್ರದಿಂದ ಬಂದಿರಬಹುದು. ಯಾವ ತುದಿಗೆ ಯಾವ ನೆರಳು ಎಂಬುದು ಖಚಿತವಿಲ್ಲದಿದ್ದರೆ ಆ ಗೆರೆಯನ್ನು ಕೈಬಿಡುವುದೇ ಲೇಸು. ಒಂದಕ್ಕಿಂತ ಹೆಚ್ಚು ದೀಪಗಳಿರುವ ಸ್ಟುಡಿಯೋ ಚಿತ್ರಗಳಿಗೆ ಈ ಲೆಕ್ಕ ನೇರವಾಗಿ ಸಲ್ಲದು.

ಎರಡನೆಯ ಸಾಕ್ಷಿ ಹಿನ್ನೆಲೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯೊಂದು ನೇಮಿಸಿದ ಛಾಯಾಚಿತ್ರ ತಜ್ಞರು ಹಿತ್ತಲಿನ ಚಿತ್ರಗಳನ್ನು ಮತ್ತೆ ಪರಿಶೀಲಿಸಿದರು. ಒಂದರ ನಂತರ ಒಂದು ಚಿತ್ರ ತೆಗೆಯುವಾಗ ಕ್ಯಾಮೆರಾ ಕೊಂಚ ಜರುಗಿತ್ತು. ಆದ್ದರಿಂದ ಎರಡು ಚಿತ್ರಗಳನ್ನು ನಮ್ಮ ಎರಡು ಕಣ್ಣುಗಳ ನೋಟದಂತೆ ಜೊತೆಗಿಟ್ಟು ನೋಡಿದಾಗ ಹಿತ್ತಲು ಆಳವುಳ್ಳ ನಿಜವಾದ ಸ್ಥಳವಾಗಿ ಎದ್ದು ಕಂಡಿತು. ಒಂದೇ ಹಿನ್ನೆಲೆಯ ಮೇಲೆ ಆಳನ್ನು ಅಂಟಿಸಿದ್ದರೆ ಹಾಗಾಗುತ್ತಿರಲಿಲ್ಲ. ಉಳಿದಿದ್ದ ಒಂದು ನೆಗೆಟಿವ್‌ನ ಮೇಲೆ ಆಸ್ವಾಲ್ಡ್‌ನ ಕ್ಯಾಮೆರಾ ಬಿಟ್ಟ ವಿಶಿಷ್ಟ ಗುರುತುಗಳೂ ಇದ್ದವು. ಚಿತ್ರಗಳು ಕೃತಕವೆನ್ನಲು ಆಧಾರವಿಲ್ಲವೆಂದು ತಜ್ಞರು ನಿರ್ಣಯಿಸಿದರು.

ಇಂದು ಅಂಟಿಸುವುದಕ್ಕಿಂತ ಹೆಚ್ಚಾಗಿ ನಡೆಯುವುದು ಹಿಗ್ಗಿಸುವ, ಕುಗ್ಗಿಸುವ ಕೆಲಸ. ಹಿಂದಿನ ಸ್ಟುಡಿಯೋಗಳಲ್ಲಿ ನೆಗೆಟಿವ್‌ನ ಮೇಲೆ ಪೆನ್ಸಿಲ್ಲಿನಿಂದ ತೀಡಿ ಮುಖದ ಸುಕ್ಕುಗಳನ್ನು ಅಳಿಸುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಅಚ್ಚಿನಲ್ಲಿ ಬೆಳ್ಳಗಾಗುತ್ತದಷ್ಟೆ. ಅಂಚಿನಲ್ಲಿ ಹಾಗೆಯೇ ತೀಡಿ ಸೊಂಟವನ್ನೂ ಸಣ್ಣದಾಗಿಸಬಹುದಿತ್ತು. ಅಲ್ಲಿ ಹಿನ್ನೆಲೆಯನ್ನು ಕೈಯಿಂದಲೇ ಬರೆಯಬೇಕಿತ್ತು. 2000ದಲ್ಲಿ ಫೋಟೋಶಾಪ್‌ಗೆ ಬಂದ 'ಲಿಕ್ವಿಫೈ' ಸಾಧನ ಬರೆಯುವುದಿಲ್ಲ, ನೂಕುತ್ತದೆ. ಕುಂಚದ ವೃತ್ತದೊಳಗೆ ಸಿಕ್ಕಿದ್ದೆಲ್ಲವೂ ಒಟ್ಟಿಗೆ ಜರುಗುತ್ತದೆ. ಕೆನ್ನೆಯನ್ನು ಒಳಕ್ಕೆ ಒತ್ತಿದರೆ ಕೆನ್ನೆಯ ಪಕ್ಕದ ಬಾಗಿಲ ಚೌಕಟ್ಟೂ ಒಳಕ್ಕೆ ಬಾಗುತ್ತದೆ.

ಕೂದಲಿನ ಬಳಿ ಈ ಗುಟ್ಟು ಹೆಚ್ಚು ಬಯಲಾಗುತ್ತದೆ. ತೋಳಿಗಿರುವಂತೆ ಕೂದಲಿಗೆ ಖಚಿತವಾದ ಅಂಚಿಲ್ಲ. ಎಳೆಗಳ ನಡುವೆ ಹಿನ್ನೆಲೆ ಇಣುಕುತ್ತಿರುತ್ತದೆ. ಆದ್ದರಿಂದ ಕೂದಲನ್ನು ದಟ್ಟವಾಗಿಸಲು ಹೊರಕ್ಕೆ ಎಳೆದಾಗ ಹಿನ್ನೆಲೆಯನ್ನು ಬಿಟ್ಟು ಎಳೆಯುವುದು ಕಷ್ಟ. ಹಿಂದಿನ ಗೋಡೆಯ ಟೈಲ್ಸ್ ಗೆರೆ ಕೂದಲಿನ ಬಳಿ ಉಬ್ಬಿ, ಅಲ್ಲಿಂದ ಒಂದು ಗೇಣಿನಾಚೆ ಮತ್ತೆ ನೇರವಾಗುತ್ತದೆ. ಚಿತ್ರವನ್ನು ಹಿಗ್ಗಿಸಿ, ಕಿಟಕಿಯ ಸರಳಿನ ಗೆರೆಗೆ ಒಂದು ಅಳತೆಪಟ್ಟಿಯನ್ನು ತಾಗಿಸಿ ಹಿಡಿದರೆ ಸಾಕು, ಬಾಗು ಕಾಣುತ್ತದೆ. ಇಡೀ ತಲೆಯನ್ನು ಕತ್ತರಿಸಿ ತಂದಿದ್ದರೆ ಎಳೆಗಳ ಸುತ್ತ ಹಳೆಯ ಹಿನ್ನೆಲೆಯ ಬಣ್ಣ ತೆಳುವಾಗಿ ಉಳಿದಿರಬಹುದು, ಇಲ್ಲವೇ ಬಿಡಿ ಎಳೆಗಳೇ ಮಾಯವಾಗಿ ತಲೆ ಮೇಣದ ಬೊಂಬೆಯದರಂತೆ ನುಣುಪಾಗಿರಬಹುದು.

ಇಲ್ಲಿಯೂ ಆಸ್ವಾಲ್ಡ್‌ನ ಮೂಗಿನ ಪಾಠವೇ ಅನ್ವಯಿಸುತ್ತದೆ. ಮೊಬೈಲಿನ ಅಗಲನೋಟದ ಮಸೂರ ಚಿತ್ರದ ಅಂಚಿನ ಗೆರೆಗಳನ್ನು ತಾನೇ ಬಾಗಿಸುತ್ತದೆ. ಆದರೆ ಆ ಬಾಗು ಚಿತ್ರದುದ್ದಕ್ಕೂ ಕ್ರಮವಾಗಿ ಬೆಳೆಯುತ್ತದೆ, ಸೊಂಟ ಅಥವಾ ಕೂದಲಿನ ಪಕ್ಕದಲ್ಲಷ್ಟೇ ಹುಟ್ಟಿ ಸಾಯುವುದಿಲ್ಲ. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಕೂದಲಿನ ಅಂಚನ್ನು ತಪ್ಪಾಗಿ ಗುರುತಿಸಿ, ವಂಚನೆಯ ಉದ್ದೇಶವಿಲ್ಲದೆಯೇ ಸುತ್ತ ಒಂದು ಪ್ರಭೆಯನ್ನು ಬಿಡುತ್ತದೆ. ಬಿಳಿ ಗೋಡೆಯ ಮುಂದೆ ತೆಗೆದ ಚಿತ್ರದಲ್ಲಿ ಬಾಗಲು ಗೆರೆಯೇ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ದಾಟಿದ ಪ್ರತಿಯಲ್ಲಿ ಸೂಕ್ಷ್ಮ ಗುರುತುಗಳು ಅಳಿಸಿಹೋಗಿರುತ್ತವೆ. ಆದ್ದರಿಂದ ತೀರ್ಪಿಗೆ ಮೊದಲು ಮೂಲವನ್ನು ಕೇಳಬೇಕು. ಪತ್ರಿಕೆಗಳು ತಿದ್ದಿದ ಪ್ರತಿಗಳನ್ನಷ್ಟೇ ನೋಡಿದವರಿಗೆ ಕೋವಿಯೂ ಸುಳ್ಳೆಂದು ತೋರಿತು. ನೆಗೆಟಿವ್ ಅನ್ನು ನೋಡಿದವರಿಗೆ ಹಾಗೆ ತೋರಲಿಲ್ಲ.