ರೂಟಿಂಗ್ ಸಂಖ್ಯೆಯಿಂದ ಬ್ಯಾಂಕ್ ಖಾತೆಯ ದೇಶವನ್ನು ಗುರುತಿಸುವಿಕೆ

ಐಬಿಎಎನ್ ಎಂಬ ಅಂತರರಾಷ್ಟ್ರೀಯ ಖಾತೆಸಂಖ್ಯೆಯ ಮೊದಲ ಎರಡು ಅಕ್ಷರಗಳು ಖಾತೆಯು ಯಾವ ದೇಶದ್ದೆಂಬುದನ್ನು ಸೂಚಿಸುತ್ತವೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯ ಮತ್ತು ಭಾರತದ ಬ್ಯಾಂಕುಗಳು ತಮ್ಮ ಖಾತೆಗಳಿಗೆ ಐಬಿಎಎನ್ ನೀಡುವುದಿಲ್ಲ. ಅಲ್ಲಿ ಬಳಕೆಯಲ್ಲಿರುವ ರೂಟಿಂಗ್ ಸಂಖ್ಯೆ ಮೊದಲಾದವು ದೇಶದೊಳಗಿನ ವ್ಯವಹಾರಕ್ಕೆಂದು ರೂಪಿತವಾದುದರಿಂದ ಅವುಗಳಲ್ಲಿ ದೇಶದ ಗುರುತು ಇರುವುದಿಲ್ಲ. ಇಂತಹ ಸಂಖ್ಯೆಯೊಂದೇ ದೊರೆತಾಗ ಅಂಕಿಗಳ ಎಣಿಕೆ, ಬರೆಯುವ ಕ್ರಮ, ಆರಂಭದ ಅಂಕಿಗಳು ಮತ್ತು ತಾಳೆಯ ಲೆಕ್ಕ ಇವುಗಳಿಂದ ದೇಶವನ್ನು ಊಹಿಸಬಹುದು.

== ಆರು ಅಂಕಿಗಳ ಸಂಖ್ಯೆ ==

ಬ್ರಿಟನ್ನಿನ ಸಾರ್ಟ್ ಕೋಡ್ ಮತ್ತು ಆಸ್ಟ್ರೇಲಿಯದ ಬಿಎಸ್‌ಬಿ ಸಂಖ್ಯೆ ಎರಡರಲ್ಲೂ ಆರು ಅಂಕಿಗಳಿವೆ. ಬ್ರಿಟನ್ನಿನಲ್ಲಿ ಅವನ್ನು 60-16-13 ಎಂದು ಎರಡೆರಡಾಗಿಯೂ ಆಸ್ಟ್ರೇಲಿಯದಲ್ಲಿ 062-000 ಎಂದು ಮೂರುಮೂರಾಗಿಯೂ ಬರೆಯುವುದು ರೂಢಿ. ಅಡ್ಡಗೆರೆಗಳನ್ನು ತೆಗೆದುಹಾಕಿದರೆ ಈ ಮುಖ್ಯ ಸುಳಿವು ಅಳಿಸಿಹೋಗುತ್ತದೆ. ಐರ್ಲೆಂಡ್ ಗಣರಾಜ್ಯದ ಸಾರ್ಟ್ ಕೋಡುಗಳೂ ಆರು ಅಂಕಿಗಳವೇ ಆಗಿದ್ದು, 9ರಿಂದ ಆರಂಭವಾಗುತ್ತವೆ. ಆದರೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಕೆಲವು ಶಾಖೆಗಳ ಸಂಖ್ಯೆಗಳೂ 9ರಿಂದಲೇ ಆರಂಭವಾಗುವುದರಿಂದ, ಖಾತೆಯ ಹಣ ಯೂರೋದಲ್ಲಿದೆಯೇ ಪೌಂಡಿನಲ್ಲಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

== ಒಂಬತ್ತು ಅಂಕಿಗಳ ಸಂಖ್ಯೆ ==

ಹೆಚ್ಚಿನ ಗೊಂದಲ ಉಂಟಾಗುವುದು ಒಂಬತ್ತು ಅಂಕಿಗಳಲ್ಲಿ. ಅಮೆರಿಕದ ರೂಟಿಂಗ್ ಸಂಖ್ಯೆ, ಭಾರತದ ಚೆಕ್ಕುಗಳ ಮೇಲಿರುವ ಎಂಐಸಿಆರ್ ಸಂಖ್ಯೆ ಮತ್ತು ಕೆನಡಾದಲ್ಲಿ ವಿದ್ಯುನ್ಮಾನ ಪಾವತಿಗೆ ಬಳಸುವ ಸಂಖ್ಯೆ ಮೂರೂ ಒಂಬತ್ತು ಅಂಕಿಗಳವು. ಕೆನಡಾದ ಸಂಖ್ಯೆ ಸೊನ್ನೆಯಿಂದ ಆರಂಭವಾಗಿ, ಬಳಿಕ ಬ್ಯಾಂಕಿನ ಮೂರು ಹಾಗೂ ಶಾಖೆಯ ಐದು ಅಂಕಿಗಳನ್ನು ಹೊಂದಿರುತ್ತದೆ. ಭಾರತದ ಸಂಖ್ಯೆಯ ಮೊದಲ ಮೂರು ಅಂಕಿಗಳು ನಗರವನ್ನು, ಮುಂದಿನ ಮೂರು ಬ್ಯಾಂಕನ್ನು, ಕೊನೆಯ ಮೂರು ಶಾಖೆಯನ್ನು ಸೂಚಿಸುತ್ತವೆ. ದೊಡ್ಡ ನಗರಗಳ ಅಂಕಿಗಳು ಪಿನ್‌ಕೋಡಿನ ಮೊದಲ ಮೂರು ಅಂಕಿಗಳೇ ಆಗಿರುತ್ತವೆ: ಬೆಂಗಳೂರಿಗೆ 560, ದೆಹಲಿಗೆ 110, ಕೋಲ್ಕತ್ತಕ್ಕೆ 700.

ಅಮೆರಿಕದ ಸಂಖ್ಯೆಯ ಮೊದಲೆರಡು ಅಂಕಿಗಳು 00ರಿಂದ 12, 21ರಿಂದ 32, 61ರಿಂದ 72 ಈ ವ್ಯಾಪ್ತಿಗಳಲ್ಲಿರುತ್ತವೆ. ಪ್ರವಾಸಿ ಚೆಕ್ಕುಗಳಿಗೆ 80 ಮೀಸಲಾಗಿದೆ. 56 ಇವುಗಳಲ್ಲಿ ಯಾವುದಕ್ಕೂ ಸೇರದ ಕಾರಣ ಬೆಂಗಳೂರಿನ ಸಂಖ್ಯೆಯನ್ನು ಅಮೆರಿಕದ್ದೆಂದು ಭ್ರಮಿಸುವಂತಿಲ್ಲ. ದೆಹಲಿಯ 11 ಮತ್ತು ಕೋಲ್ಕತ್ತದ 70 ಮಾತ್ರ ಆ ವ್ಯಾಪ್ತಿಯೊಳಗೇ ಬರುತ್ತವೆ. ಅಲ್ಲಿ ತಾಳೆಯ ಲೆಕ್ಕ ನೆರವಾಗುತ್ತದೆ.

== ತಾಳೆಯ ಲೆಕ್ಕ ==

ಅಮೆರಿಕದ ಸಂಖ್ಯೆಯ ಅಂಕಿಗಳನ್ನು ಎಡದಿಂದ ಕ್ರಮವಾಗಿ 3, 7, 1, 3, 7, 1, 3, 7, 1ರಿಂದ ಗುಣಿಸಿ ಕೂಡಿದರೆ ಮೊತ್ತವು 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಖ್ಯೆ 011000015. ಇದರ ಲೆಕ್ಕ ಹೀಗೆ:

```
3×(0+0+0) + 7×(1+0+1) + 1×(1+0+5) = 20
```

ಮೊತ್ತ 20 ಆದುದರಿಂದ ತಾಳೆಯಾಯಿತು. ಈಗ 110002087 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಬಹುದು. ಮೊದಲೆರಡು ಅಂಕಿಗಳನ್ನಷ್ಟೇ ನೋಡಿದರೆ ಇದು ಅಮೆರಿಕದ ಡಲ್ಲಾಸ್ ವಲಯದ್ದೆನಿಸುತ್ತದೆ.

```
3×(1+0+0) + 7×(1+0+8) + 1×(0+2+7) = 75
```

75 ಹತ್ತರಿಂದ ಭಾಗವಾಗದ ಕಾರಣ ಇದು ಅಮೆರಿಕದ ಸಂಖ್ಯೆಯಲ್ಲ. 110 ದೆಹಲಿಯನ್ನೂ 002 ಭಾರತೀಯ ಸ್ಟೇಟ್ ಬ್ಯಾಂಕನ್ನೂ ಸೂಚಿಸುವುದರಿಂದ ಭಾರತದ್ದೆಂಬ ಊಹೆ ಬಲಗೊಳ್ಳುತ್ತದೆ. ಆದರೆ ಯಾವುದೋ ಒಂದು ಸಂಖ್ಯೆ ಆಕಸ್ಮಿಕವಾಗಿ ತಾಳೆಯಾಗುವ ಸಂಭವ ಹತ್ತರಲ್ಲಿ ಒಂದು. ಆದ್ದರಿಂದ ತಾಳೆಯಾಗದಿದ್ದರೆ ಅಮೆರಿಕದ್ದಲ್ಲವೆಂದು ಹೇಳಬಹುದೇ ಹೊರತು, ತಾಳೆಯಾದ ಮಾತ್ರಕ್ಕೆ ಅಮೆರಿಕದ್ದೇ ಎಂದು ನಿರ್ಣಯಿಸಲಾಗದು.

== ಕಳೆದುಹೋದ ಸೊನ್ನೆ ==

ಗಣಕದ ಕೋಷ್ಟಕ ತಂತ್ರಾಂಶಗಳು ಇಂತಹ ಸಂಖ್ಯೆಗಳನ್ನು ಮೊತ್ತವೆಂದು ಭಾವಿಸಿ ಆರಂಭದ ಸೊನ್ನೆಯನ್ನು ಬಿಟ್ಟುಬಿಡುವುದುಂಟು. ಆಗ ಬಾಸ್ಟನ್ನಿನ 011000015 ಎಂಬುದು 11000015 ಎಂಬ ಎಂಟು ಅಂಕಿಗಳ ಸಂಖ್ಯೆಯಾಗುತ್ತದೆ. ಜರ್ಮನಿಯ ಬ್ಯಾಂಕ್ ಸಂಖ್ಯೆಯೂ ಎಂಟು ಅಂಕಿಗಳದ್ದೇ; ಅದರ ಮೊದಲ ಅಂಕಿ ಪ್ರದೇಶವನ್ನು ಸೂಚಿಸುತ್ತದೆ ಮತ್ತು ಬರ್ಲಿನ್ ಇರುವ ಪ್ರದೇಶದ ಅಂಕಿ 1. ಹೀಗೆ ಅಮೆರಿಕದ ಖಾತೆಯೊಂದು ಜರ್ಮನಿಯದರಂತೆ ತೋರುತ್ತದೆ. ಎಂಟು ಅಂಕಿಗಳ ಸಂಖ್ಯೆ ಕಂಡಾಗ ಮುಂದೆ ಸೊನ್ನೆಯನ್ನು ಸೇರಿಸಿ ತಾಳೆ ನೋಡುವುದು ಉಪಯುಕ್ತ. ಐದು ಅಂಕಿಗಳಷ್ಟೇ ಇದ್ದರೆ ಅದು ಸೊನ್ನೆ ಕಳೆದುಕೊಂಡ ಸಾರ್ಟ್ ಕೋಡ್ ಅಥವಾ ಬಿಎಸ್‌ಬಿ ಆಗಿರಬಹುದು.

== ಮಿತಿಗಳು ==

ಈ ವಿಧಾನಗಳಿಂದ ದೊರೆಯುವುದು ಊಹೆ ಮಾತ್ರ; ಅದನ್ನೇ ನಂಬಿ ಹಣ ಕಳುಹಿಸಿದರೆ ಪಾವತಿ ತಿರಸ್ಕೃತವಾಗಬಹುದು ಅಥವಾ ಬೇರೆಯವರ ಖಾತೆಗೆ ಸೇರಬಹುದು. ಖಚಿತಪಡಿಸಿಕೊಳ್ಳಲು ಹಣ ಪಡೆಯುವವರಿಂದ ಅವರ ಬ್ಯಾಂಕಿನ ಬಿಐಸಿ ಸಂಕೇತವನ್ನು ಕೇಳಿ ಪಡೆಯಬೇಕು. ಸ್ವಿಫ್ಟ್ ಕೋಡ್ ಎಂದೂ ಕರೆಯಲಾಗುವ ಈ ಸಂಕೇತದ ಐದನೆಯ ಮತ್ತು ಆರನೆಯ ಅಕ್ಷರಗಳು ದೇಶವನ್ನು ಸೂಚಿಸುತ್ತವೆ: ಭಾರತಕ್ಕೆ IN, ಅಮೆರಿಕಕ್ಕೆ US, ಬ್ರಿಟನ್ನಿಗೆ GB.