ದೂರದ ನೀರಾವರಿ ಪಂಪ್‌ಸೆಟ್‌ಗೆ ಕೇಬಲ್ ಗಾತ್ರವನ್ನು ನಿರ್ಧರಿಸುವ ವಿಧಾನ

ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಸಂಪರ್ಕ ಪಡೆಯುವ ಗ್ರಾಹಕರು ಮಾಪಕದ ನಂತರದ ಕೇಬಲನ್ನು ಸ್ವಂತ ವೆಚ್ಚದಲ್ಲಿ ಅಳವಡಿಸಿಕೊಳ್ಳಬೇಕಾಗುತ್ತದೆ. ಮೋಟಾರಿನ ಆಂಪಿಯರನ್ನು ಮಾತ್ರ ಗಮನಿಸಿ ಕೇಬಲ್ ಖರೀದಿಸಿದಲ್ಲಿ, ದೂರ ಹೆಚ್ಚಿದ್ದಾಗ ವೋಲ್ಟೇಜ್ ಕುಸಿದು ಮೋಟಾರಿನ ವೈಂಡಿಂಗ್ ಸುಡುವ ಸಂಭವವಿರುತ್ತದೆ.

ಉದ್ದದ ಲೆಕ್ಕ

ಮಾಪಕದಿಂದ ಕೊಳವೆ ಬಾವಿಯವರೆಗಿನ ದೂರದೊಂದಿಗೆ, ಬಾವಿಯೊಳಗೆ ಮೋಟಾರ್ ಇಳಿಸಿರುವ ಆಳವನ್ನೂ ಸೇರಿಸತಕ್ಕದ್ದು. ಅನೇಕರು ಈ ಆಳವನ್ನು ಬಿಟ್ಟುಬಿಡುತ್ತಾರೆ. ಉದಾಹರಣೆಗೆ, ದೂರ 220 ಮೀಟರ್ ಹಾಗೂ ಆಳ 80 ಮೀಟರ್ ಇದ್ದಲ್ಲಿ ಕೇಬಲ್‌ನ ಉದ್ದ 300 ಮೀಟರ್ ಆಗುತ್ತದೆ.

ವೋಲ್ಟೇಜ್ ಕುಸಿತದ ಲೆಕ್ಕ

ತಾಮ್ರದ ಕೇಬಲ್ ಆದಲ್ಲಿ, ಉದ್ದವನ್ನು (ಮೀಟರ್) 0.022ರಿಂದ ಗುಣಿಸಿ, ತಂತಿಯ ಗಾತ್ರದಿಂದ (ಚದರ ಮಿ.ಮೀ.) ಭಾಗಿಸಿದರೆ ಒಂದು ತಂತಿಯ ರೋಧವು ಓಮ್‌ಗಳಲ್ಲಿ ದೊರೆಯುತ್ತದೆ. ಇದು ಕಾರ್ಯನಿರತ ಬಿಸಿ ಕೇಬಲ್‌ಗೆ ಅನ್ವಯಿಸುವ ಅಂಕಿ. ಅಲ್ಯೂಮಿನಿಯಂ ಆದಲ್ಲಿ 0.022ರ ಬದಲು 0.037 ಬಳಸಬೇಕು. ಮೂರು ಫೇಸ್ ಮೋಟಾರಿಗೆ:

ಕುಸಿತ = 1.73 × ಆಂಪಿಯರ್ × ರೋಧ × ಪವರ್ ಫ್ಯಾಕ್ಟರ್

ಆಂಪಿಯರನ್ನು ಮೋಟಾರಿನ ಹೆಸರುಫಲಕದಿಂದ ಪಡೆಯಬೇಕು. 5 ಅಶ್ವಶಕ್ತಿಯ ಮೋಟಾರಿನ ಫಲಕದಲ್ಲಿ 9 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಎಂದಿದೆ ಎಂದು ಭಾವಿಸಿದರೆ, 300 ಮೀಟರ್ ಉದ್ದದ ತಾಮ್ರದ ಕೇಬಲ್‌ನಲ್ಲಿ ಕುಸಿತವು ಹೀಗಿರುತ್ತದೆ:

2.5 ಚ.ಮಿ.ಮೀ.: ಸುಮಾರು 33 ವೋಲ್ಟ್ (ಶೇ. 7.9)
4 ಚ.ಮಿ.ಮೀ.: ಸುಮಾರು 20.6 ವೋಲ್ಟ್ (ಶೇ. 5)
6 ಚ.ಮಿ.ಮೀ.: ಸುಮಾರು 13.7 ವೋಲ್ಟ್ (ಶೇ. 3.3)

ಗಾತ್ರದ ಆಯ್ಕೆ

ಕುಸಿತವು 415 ವೋಲ್ಟ್‌ನ ಶೇ. 5ನ್ನು, ಅಂದರೆ ಸುಮಾರು 21 ವೋಲ್ಟ್‌ಗಳನ್ನು ಮೀರದಂತೆ ನೋಡಿಕೊಳ್ಳುವುದು ರೂಢಿ. 2.5 ಚ.ಮಿ.ಮೀ. ಕೇಬಲ್ 9 ಆಂಪಿಯರನ್ನು ಸುಲಭವಾಗಿ ತಾಳಿಕೊಳ್ಳುತ್ತದೆಯಾದರೂ ಈ ದೂರಕ್ಕೆ ಸಾಲದು. 4 ಚ.ಮಿ.ಮೀ. ಕೇಬಲ್ ಮಿತಿಯ ಅಂಚಿನಲ್ಲಿದೆ. ಮಾಪಕದ ಬಳಿಯೇ 380 ವೋಲ್ಟ್ ಮಾತ್ರ ಲಭ್ಯವಿದ್ದಲ್ಲಿ, 4 ಚ.ಮಿ.ಮೀ. ಕೇಬಲ್‌ನಿಂದ ಮೋಟಾರಿಗೆ ದೊರೆಯುವುದು ಸುಮಾರು 359 ವೋಲ್ಟ್. ಆದುದರಿಂದ ಇಂತಹ ಪ್ರದೇಶಗಳಲ್ಲಿ 6 ಚ.ಮಿ.ಮೀ. ಆಯ್ಕೆ ಮಾಡುವುದು ಸೂಕ್ತ.

ಕುಸಿತ ಹೆಚ್ಚಿರುವುದರ ಲಕ್ಷಣಗಳು

ವೋಲ್ಟೇಜ್ ಕಡಿಮೆಯಾದಂತೆ ಅದೇ ಹೊರೆಗೆ ಮೋಟಾರ್ ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ. ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗುತ್ತದೆ. ಚಾಲನೆಯ ಕ್ಷಣದಲ್ಲಿ ಆಂಪಿಯರ್ ಹಲವು ಪಟ್ಟು ಏರುವುದರಿಂದ ಕುಸಿತವೂ ಹೆಚ್ಚಿ, ಮೋಟಾರ್ ತಿರುಗದೆ ಗುಂಯ್‌ಗುಡಬಹುದು. ರಿಲೇಯ ಮಿತಿಯನ್ನು ಏರಿಸುವುದು ಪರಿಹಾರವಲ್ಲ. ಅದರಿಂದ ವೈಂಡಿಂಗ್‌ಗೆ ಇರುವ ರಕ್ಷಣೆ ತಪ್ಪುತ್ತದೆ.

ಪಂಪ್ ಚಾಲನೆಯಲ್ಲಿರುವಾಗಲೇ ಮಾಪಕದ ಬಳಿ ಹಾಗೂ ಬಾವಿಯ ಬಾಯಿಯ ಬಳಿ ವೋಲ್ಟೇಜ್ ಅಳೆಸಿದಲ್ಲಿ, ಎರಡರ ವ್ಯತ್ಯಾಸವೇ ಆ ಭಾಗದ ಕುಸಿತ. ಲೆಕ್ಕಕ್ಕಿಂತ ವ್ಯತ್ಯಾಸ ಬಹಳ ಹೆಚ್ಚಿದ್ದರೆ ಜೋಡಣೆಗಳು ಸಡಿಲವಾಗಿರುವ ಸಾಧ್ಯತೆಯಿದೆ. ಈ ಅಳತೆ ಹಾಗೂ ಅಳವಡಿಕೆಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.